ಸಂಪರ್ಕ ಕಡಿದಾಗ ತಪ್ಪಿಹೋದ ಟಿಕ್‌ಗಳು

ಮೊಬೈಲಿನ ಪರದೆಯ ಮೇಲೆ ಷೇರಿನದೋ ಬಿಟ್‌ಕಾಯಿನ್‌ದೋ ಬೆಲೆ ಕ್ಷಣಕ್ಷಣಕ್ಕೂ ಬದಲಾಗುವುದನ್ನು ನೋಡಿರುತ್ತೀರಿ. ಸಾಮಾನ್ಯ ವೆಬ್ ಪುಟ ಕೇಳಿದರೆ ಮಾತ್ರ ಉತ್ತರ ಕೊಡುತ್ತದೆ. ಬೆಲೆಗಳಿಗೆ ಆ ಕ್ರಮ ಸಾಲದು, ಅವು ತಾವಾಗಿಯೇ ಬರುತ್ತಿರಬೇಕು. ಅದಕ್ಕಾಗಿ ಬಳಸುವುದು 2011ರಲ್ಲಿ ಮಾನದಂಡವಾಗಿ ಪ್ರಕಟವಾದ ವೆಬ್‌ಸಾಕೆಟ್. ಒಮ್ಮೆ ಸಂಪರ್ಕ ಕೂಡಿಸಿದರೆ ಅದು ತೆರೆದೇ ಇರುತ್ತದೆ, ಸರ್ವರ್ ಹೊಸ ಸುದ್ದಿಯನ್ನು ಕಳಿಸುತ್ತಲೇ ಇರುತ್ತದೆ. ಹೀಗೆ ಬರುವ ಒಂದೊಂದು ಸುದ್ದಿಗೂ ಟಿಕ್ ಎಂದು ಹೆಸರು.

ಈ ಸಂಪರ್ಕ ಕಡಿಯುವುದು ಸಹಜ. ವೈಫೈ ಹೋಗುತ್ತದೆ, ರೂಟರ್ ಮರುಚಾಲೂ ಆಗುತ್ತದೆ. ಕ್ರಿಪ್ಟೊ ವಿನಿಮಯ ಕೇಂದ್ರವಾದ ಬೈನಾನ್ಸ್‌ನಲ್ಲಂತೂ ಒಂದು ಸಂಪರ್ಕದ ಆಯುಸ್ಸೇ 24 ಗಂಟೆ. ಮತ್ತೆ ಕೂಡಿಸುವುದು ಸುಲಭ, ಆದರೆ ಮತ್ತೆ ಕೂಡಿದ ಫೀಡ್ ಆ ಕ್ಷಣದಿಂದ ಮುಂದಿನದನ್ನಷ್ಟೇ ಕೊಡುತ್ತದೆ. ನಡುವೆ ನಡೆದ ವಹಿವಾಟುಗಳನ್ನು ನಿಮಗಾಗಿ ಎತ್ತಿಟ್ಟಿರುವುದಿಲ್ಲ. ಅವನ್ನು ಬೇರೆ ದಾರಿಯಿಂದ ತಂದು ಸೇರಿಸದಿದ್ದರೆ ಚಾರ್ಟ್ ನೋಡಲು ಸರಿಯಾಗಿಯೇ ಇರುತ್ತದೆ, ಒಳಗಿನ ಲೆಕ್ಕ ಮಾತ್ರ ತಪ್ಪಿರುತ್ತದೆ.

ಮೊದಲ ತೊಡಕು, ಕಡಿದದ್ದು ಗೊತ್ತಾಗುವುದು. ಸರ್ವರ್ ಹೇಳಿಯೇ ಮುಚ್ಚಿದರೆ ಚಿಂತೆಯಿಲ್ಲ. ನಡುದಾರಿಯಲ್ಲಿ ಜಾಲ ಸತ್ತರೆ ಯಾರೂ ಹೇಳುವುದಿಲ್ಲ. ನಮ್ಮ ಕಂಪ್ಯೂಟರ್ ಸಂಪರ್ಕ ತೆರೆದಿದೆ ಎಂದೇ ನಂಬಿಕೊಂಡು ಕಾಯುತ್ತಿರುತ್ತದೆ, ಪರದೆಯಲ್ಲಿ ಹಳೆಯ ಬೆಲೆ ನಿಂತುಬಿಡುತ್ತದೆ. ಆದ್ದರಿಂದ ಕೊನೆಯ ಟಿಕ್ ಬಂದು ಎಷ್ಟು ಹೊತ್ತಾಯಿತು ಎಂದು ಪ್ರೋಗ್ರಾಂ ತಾನೇ ನೋಡುತ್ತಿರಬೇಕು. ಬಿಟ್‌ಕಾಯಿನ್‌ನಂಥ ಬಿರುಸಿನ ಪೇಟೆಯಲ್ಲಿ 10 ಸೆಕೆಂಡ್ ಮೌನವೆಂದರೆ ಅನುಮಾನಪಡಬೇಕು. ಅಪರೂಪಕ್ಕೆ ವಹಿವಾಟಾಗುವ ನಾಣ್ಯದಲ್ಲಿ ಅಂಥ ಮೌನ ಸಹಜ. ಅಲ್ಲಿ ನಾವೇ ಪಿಂಗ್ ಎಂಬ ಚಿಕ್ಕ ಸಂದೇಶ ಕಳಿಸಿ, ಪಾಂಗ್ ಎಂಬ ಉತ್ತರ ಬರುತ್ತದೆಯೇ ಎಂದು ನೋಡಬೇಕು.

ಕಡಿದದ್ದು ಖಚಿತವಾದ ಮೇಲೆ ಒಂದೇ ಸಮನೆ ಬಾಗಿಲು ಬಡಿಯಬಾರದು. ಬೈನಾನ್ಸ್ ಒಂದು ಐಪಿ ವಿಳಾಸದಿಂದ 5 ನಿಮಿಷಕ್ಕೆ 300 ಸಂಪರ್ಕ ಯತ್ನಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ಹಾಗಾಗಿ 1, 2, 4, 8 ಸೆಕೆಂಡ್ ಎಂದು ಬಿಡುವನ್ನು ಇಮ್ಮಡಿಸುತ್ತ ಹೋಗಿ, 30 ಸೆಕೆಂಡಿಗೆ ಮಿತಿ ಹಾಕುವುದು ವಾಡಿಕೆ. ಪ್ರತಿ ಬಿಡುವಿಗೂ ಅಷ್ಟಿಷ್ಟು ಏರುಪೇರು ಸೇರಿಸಿದರೆ, ಸರ್ವರ್ ಬಿದ್ದು ಎದ್ದಾಗ ಎಲ್ಲರೂ ಒಟ್ಟಿಗೆ ಮುಗಿಬೀಳುವುದು ತಪ್ಪುತ್ತದೆ. ಯಾವ ಬೆಲೆಗಳು ಬೇಕೆಂದು ಸಂದೇಶದ ಮೂಲಕ ಚಂದಾ ಪಡೆದಿದ್ದರೆ, ಹೊಸ ಸಂಪರ್ಕದಲ್ಲಿ ಅದನ್ನೂ ಮತ್ತೆ ಕೇಳಬೇಕು. ಹಿಂದಿನ ಚಂದಾ ಹಿಂದಿನ ಸಂಪರ್ಕದ ಜೊತೆಗೇ ಹೋಗಿರುತ್ತದೆ.

ಇನ್ನು ನಿಜವಾದ ಕೆಲಸ. ಎಷ್ಟು ತಪ್ಪಿತು ಎಂದು ತಿಳಿಯುವುದು ಹೇಗೆ? ಬಸ್ ಕಂಡಕ್ಟರ್ ಹರಿದುಕೊಡುವ ಟಿಕೆಟ್‌ಗಳಂತೆ ಬೈನಾನ್ಸ್‌ನ `aggTrade` ಫೀಡಿನಲ್ಲಿ ಪ್ರತಿ ಸಾಲಿಗೂ ಕ್ರಮಸಂಖ್ಯೆ ಇರುತ್ತದೆ. ಒಂದೇ ಆರ್ಡರ್‌ನಿಂದ ಒಂದೇ ಬೆಲೆಗೆ ಒಟ್ಟಿಗೆ ಆದ ವಹಿವಾಟುಗಳು ಇಲ್ಲಿ ಒಂದು ಸಾಲಾಗಿ ಬರುತ್ತವೆ. ಆ ಸಾಲಿನ ಸಂಖ್ಯೆ `a` ಎಂಬ ಹೆಸರಿನಲ್ಲಿ ಇರುತ್ತದೆ, ವಹಿವಾಟಿನ ಸಮಯ `T` ಎಂಬುದರಲ್ಲಿ. ಸಂಖ್ಯೆ ಒಂದೊಂದಾಗಿ ಏರಬೇಕು, ಜಿಗಿದರೆ ನಡುವಿನದು ನಮಗೆ ಬಂದಿಲ್ಲ ಎಂದರ್ಥ.

ಒಂದು ಉದಾಹರಣೆ ನೋಡೋಣ. ನಿಜವಾದ ಸಂಖ್ಯೆಗಳು ಬಹಳ ಉದ್ದ, ಇಲ್ಲಿ ಕೊನೆಯ ನಾಲ್ಕು ಅಂಕಿ ಸಾಕು. 10:42:07ಕ್ಕೆ ಬಂದ ಕೊನೆಯ ಸಾಲು 4500. ಆಮೇಲೆ ಮೌನ. 10:42:24ಕ್ಕೆ ಮತ್ತೆ ಸಂಪರ್ಕ ಕೂಡಿತು, ಬಂದ ಮೊದಲ ಸಾಲು 5848. ಅಂದರೆ 4501ರಿಂದ 5847ರವರೆಗೆ 1,347 ಸಾಲುಗಳು ತಪ್ಪಿವೆ. ಇವನ್ನು ವೆಬ್‌ಸಾಕೆಟ್ ಕೊಡುವುದಿಲ್ಲ, ಕೇಳಿದರೆ ಉತ್ತರಿಸುವ ಸಾಮಾನ್ಯ ವೆಬ್ ವಿಳಾಸ ಕೊಡುತ್ತದೆ:

```
GET /api/v3/aggTrades?symbol=BTCUSDT&fromId=4501&limit=1000
GET /api/v3/aggTrades?symbol=BTCUSDT&fromId=5501&limit=1000
```

ಒಂದು ಸಲಕ್ಕೆ ಹೆಚ್ಚೆಂದರೆ 1,000 ಸಾಲು ಸಿಗುವುದರಿಂದ ಎರಡು ಸಲ ಕೇಳಬೇಕು. ಮೊದಲ ಉತ್ತರದಲ್ಲಿ 4501ರಿಂದ 5500ರವರೆಗೆ ಬರುತ್ತದೆ. ಎರಡನೆಯದರಲ್ಲಿ ನಮಗೆ ಬೇಕಾದದ್ದು 5501ರಿಂದ 5847ರವರೆಗಿನ 347 ಸಾಲು ಮಾತ್ರ. ಉಳಿದವು ಹೊಸ ಫೀಡಿನಲ್ಲೂ ಬಂದಿರುತ್ತವೆ, ಒಂದೇ ಸಂಖ್ಯೆ ಎರಡು ಸಲ ಕಂಡರೆ ಒಂದನ್ನು ಬಿಡಬೇಕು.

ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ. ಹಳೆಯದನ್ನು ಮೊದಲು ತಂದು ಆಮೇಲೆ ಸಂಪರ್ಕ ಕೂಡಿಸಿದರೆ, ಆ ಎರಡರ ನಡುವೆ ಇನ್ನೊಂದು ಚಿಕ್ಕ ಕಂದರ ಹುಟ್ಟುತ್ತದೆ. ಆದ್ದರಿಂದ ಮೊದಲು ಸಂಪರ್ಕ ಕೂಡಿಸಿ, ಬರುವ ಹೊಸ ಸಾಲುಗಳನ್ನು ಲೆಕ್ಕಕ್ಕೆ ಸೇರಿಸದೆ ಒಂದು ಕಡೆ ಸಂಗ್ರಹಿಸುತ್ತಿರಬೇಕು. ಮೊದಲ ಸಾಲಿನ ಸಂಖ್ಯೆ ತಿಳಿದ ಕೂಡಲೇ ಹಳೆಯದನ್ನು ತಂದು ಜೋಡಿಸಿ, ಅದರ ಬೆನ್ನಿಗೆ ಸಂಗ್ರಹಿಸಿದ್ದನ್ನು ಬಿಡಬೇಕು. ಸಂಖ್ಯೆಯ ಬದಲು ಸಮಯವನ್ನು ಹಿಡಿದು ಕೇಳುವುದು ಅಪಾಯ. ಒಂದೇ ಮಿಲಿಸೆಕೆಂಡಿನಲ್ಲಿ ಹಲವು ವಹಿವಾಟುಗಳಾಗುತ್ತವೆ. ಆ ಮಿಲಿಸೆಕೆಂಡ್ ಆದಮೇಲಿನದು ಕೊಡು ಎಂದರೆ ಕೆಲವು ತಪ್ಪುತ್ತವೆ, ಅದನ್ನೂ ಸೇರಿಸಿ ಕೊಡು ಎಂದರೆ ಕೆಲವು ಮರುಕಳಿಸುತ್ತವೆ.

ತಂದ ಸಾಲುಗಳು ಹಳೆಯ ಸುದ್ದಿ ಎಂಬುದನ್ನು ಪ್ರೋಗ್ರಾಂ ಮರೆಯಬಾರದು. ಅವು ಸೇರಬೇಕಾದದ್ದು ಬಂದ ಹೊತ್ತಿನ ಕ್ಯಾಂಡಲ್‌ಗಲ್ಲ, ತಮ್ಮ `T` ಹೇಳುವ ನಿಮಿಷದ ಕ್ಯಾಂಡಲ್‌ಗೆ. ಆ 17 ಸೆಕೆಂಡಿನಲ್ಲಿ ಬೆಲೆ ಕುಸಿದು ಮತ್ತೆ ಏರಿದ್ದರೆ, 10:42ರ ಕ್ಯಾಂಡಲಿನ ಕನಿಷ್ಠ ಬೆಲೆ ತಿದ್ದಲೇಬೇಕು. ಹಾಗೆಂದು ಆ ಹಳೆಯ ಕುಸಿತ ಕಂಡು ಈಗ ಮಾರಾಟದ ಆರ್ಡರ್ ಹಾಕಿದರೆ, ಮುಗಿದುಹೋದ ಬೆಲೆಗೆ ಹಣ ಕಳೆದುಕೊಂಡಂತೆ. ಹಳೆಯದರಿಂದ ಲೆಕ್ಕ ಸರಿಪಡಿಸಬೇಕು, ತೀರ್ಮಾನ ಮಾತ್ರ ಈಗಿನ ಬೆಲೆಯ ಮೇಲೆ ಆಗಬೇಕು.

ಎಲ್ಲ ಫೀಡ್‌ಗಳಲ್ಲೂ ಇಷ್ಟು ಅನುಕೂಲ ಇಲ್ಲ. ಬೆಂಗಳೂರಿನ ಜೆರೋಧಾ ಕೊಡುವ ಕೈಟ್ ಕನೆಕ್ಟ್ ಫೀಡಿನಲ್ಲಿ ಬರುವುದು ಪ್ರತಿ ವಹಿವಾಟಲ್ಲ, ಆಗಾಗಿನ ಸ್ಥಿತಿಯ ಚಿತ್ರ. ಅದರಲ್ಲಿ ವಹಿವಾಟಿನ ಕ್ರಮಸಂಖ್ಯೆ ಇಲ್ಲ. ಆದರೆ ದಿನದ ಆರಂಭದಿಂದ ಒಟ್ಟು ಎಷ್ಟು ಷೇರು ಕೈಬದಲಾಯಿತು ಎಂಬ `volume_traded` ಇದೆ. ಕಡಿಯುವ ಮುಂಚೆ ಅದು 12,40,000 ಇದ್ದು, ಕೂಡಿದ ಮೇಲೆ 12,52,000 ಆಗಿದ್ದರೆ ನಡುವೆ 12,000 ಷೇರುಗಳ ವಹಿವಾಟಾಗಿದೆ. ಯಾವ ಯಾವ ಬೆಲೆಗೆ ಎಂಬುದು ಅದರಿಂದ ತಿಳಿಯದು. ಹಳೆಯ ಮಾಹಿತಿಯ ಸೇವೆಯಿಂದ ಆ ನಿಮಿಷದ ಕ್ಯಾಂಡಲ್ ತಂದರೆ ಆರಂಭ, ಗರಿಷ್ಠ, ಕನಿಷ್ಠ, ಕೊನೆಯ ಬೆಲೆಗಳು ಸಿಗುತ್ತವೆ, ಒಂದೊಂದು ಟಿಕ್ ಸಿಗುವುದಿಲ್ಲ. ಇಂಥ ಕಡೆ ಎರಡು ಬೆಲೆಗಳ ನಡುವೆ ಗೆರೆ ಎಳೆದು ಟಿಕ್‌ಗಳನ್ನು ಕಲ್ಪಿಸಿ ತುಂಬುವುದು ಸುಳ್ಳು ದಾಖಲೆ. ಆ ಅವಧಿಗೆ ನಿಮಿಷದ ಕ್ಯಾಂಡಲ್ ಮಾತ್ರ ಇದೆ ಎಂದು ಗುರುತು ಹಾಕಿ ಇಡುವುದೇ ಸರಿ.

ಮಾಡಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಪೇಟೆಯ ಕೃಪೆಗೆ ಕಾಯಬೇಕಿಲ್ಲ. ಪ್ರೋಗ್ರಾಂ ಓಡುತ್ತಿರುವಾಗ ಬೇಕೆಂದೇ ಜಾಲದ ಕೇಬಲ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿ. ಆಮೇಲೆ ಉಳಿಸಿದ ದಾಖಲೆಯಲ್ಲಿ ಪ್ರತಿ `a` ಹಿಂದಿನದಕ್ಕಿಂತ ಸರಿಯಾಗಿ ಒಂದು ಹೆಚ್ಚಿದೆಯೇ ನೋಡಿ. ಮರುದಿನ ಅದೇ ಅವಧಿಯ ಸಾಲುಗಳನ್ನು ವಿನಿಮಯ ಕೇಂದ್ರದಿಂದ ಹೊಸದಾಗಿ ತಂದು, ಸಾಲುಗಳ ಎಣಿಕೆ ಮತ್ತು ಒಟ್ಟು ಪ್ರಮಾಣ ಎರಡನ್ನೂ ತಾಳೆ ನೋಡಿ. ಎರಡೂ ಹೊಂದಿದರೆ ನಿಮ್ಮ ದಾಖಲೆಯನ್ನು ನಂಬಬಹುದು. ಹೊಂದದಿದ್ದರೆ ಯಾವ ಸಂಖ್ಯೆಯ ಬಳಿ ಹರಿದಿದೆ ಎಂಬುದನ್ನು ಆ ದಾಖಲೆಯೇ ತೋರಿಸುತ್ತದೆ.