ಷೇರು ಮಾರಿದ್ದು ಜನವರಿಯಲ್ಲಿ, ಬಡ್ಡಿ ಜೂನ್‌ನಿಂದ!

ಸಂಬಳದಾರರಿಗೆ ಮುಂಗಡ ತೆರಿಗೆಯ ಗೊಡವೆ ಸಾಮಾನ್ಯವಾಗಿ ಇರುವುದಿಲ್ಲ. ತಿಂಗಳು ತಿಂಗಳು ಕಚೇರಿಯೇ ಟಿಡಿಎಸ್ ಹಿಡಿದುಕೊಳ್ಳುತ್ತದೆ, ಜೂನ್‌ನಲ್ಲಿ ಫಾರಂ 16 ಕೈಗೆ ಬರುತ್ತದೆ, ಜುಲೈನಲ್ಲಿ ರಿಟರ್ನ್ ಸಲ್ಲಿಸಿದರೆ ಮುಗಿಯಿತು. ಹಳೆಯ ಮ್ಯೂಚುವಲ್ ಫಂಡೋ ಷೇರೋ ದೊಡ್ಡ ಮೊತ್ತಕ್ಕೆ ಮಾರಿದ ವರ್ಷ ಮಾತ್ರ ಈ ನೆಮ್ಮದಿ ಕೆಡುತ್ತದೆ. ದೇಶದಲ್ಲೇ ನೆಲೆಸಿದವರು ಷೇರು ಮಾರಿದರೆ ಬಂದ ಲಾಭಕ್ಕೆ ಯಾರೂ ಟಿಡಿಎಸ್ ಹಿಡಿಯುವುದಿಲ್ಲ. ಹಣ ಪೂರ್ತಿಯಾಗಿ ಖಾತೆಗೆ ಬೀಳುತ್ತದೆ. ಟಿಡಿಎಸ್ ಕಳೆದ ಮೇಲೂ ಆ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಉಳಿಯುವಂತಿದ್ದರೆ ಅದನ್ನು ವರ್ಷದೊಳಗೇ ಕಂತಿನಲ್ಲಿ ಕಟ್ಟಬೇಕು. ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ.

ಇಲ್ಲೇ ಒಂದು ನ್ಯಾಯವಾದ ತಕರಾರು ಏಳುತ್ತದೆ. ಜನವರಿಯಲ್ಲಿ ಷೇರು ಮಾರುತ್ತೇನೆಂದು ಜೂನ್‌ನಲ್ಲೇ ಯಾರಿಗೆ ಗೊತ್ತಿರುತ್ತದೆ? ಕಾಯ್ದೆ ಬರೆದವರಿಗೂ ಇದು ಹೊಳೆದಿದೆ. ಕಂತು ತಪ್ಪಿದ್ದಕ್ಕೆ ಬಡ್ಡಿ ಹಾಕುವ 234ಸಿ ಕಲಮಿನಲ್ಲೇ ಬಂಡವಾಳ ಲಾಭಕ್ಕೆ ವಿನಾಯಿತಿ ಇದೆ. ಲಾಭ ಬರುವ ಮೊದಲೇ ಮುಗಿದುಹೋದ ಕಂತುಗಳಿಗೆ ಬಡ್ಡಿ ಇಲ್ಲ. ಆದರೆ ಅದಕ್ಕೊಂದು ಷರತ್ತು ಅಂಟಿಕೊಂಡಿದೆ: ಆ ಲಾಭದ ಮೇಲಿನ ತೆರಿಗೆಯನ್ನೆಲ್ಲ ಉಳಿದ ಕಂತುಗಳಲ್ಲಿ ಕಟ್ಟಿರಬೇಕು. ಮಾರ್ಚ್ 15 ಕಳೆದ ಮೇಲೆ ಮಾರಿದ್ದರೆ ಮಾರ್ಚ್ 31ರೊಳಗೆ ಕಟ್ಟಿರಬೇಕು. ಕಟ್ಟದಿದ್ದರೆ, ಕಾಯ್ದೆಯ ಮಾತನ್ನು ಅಕ್ಷರಶಃ ಓದಿದಾಗ, ವಿನಾಯಿತಿಯೇ ಕೈತಪ್ಪುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದವರಿಗೂ ನೋಟಿಸ್ ಬರುವುದುಂಟು. ಮೈಸೂರಿನ ಒಬ್ಬ ಇಂಜಿನಿಯರ್ ಎಂದುಕೊಳ್ಳಿ. ಸಂಬಳದ ತೆರಿಗೆ ಟಿಡಿಎಸ್‌ನಲ್ಲೇ ತೀರಿದೆ. ಮನೆ ಸಾಲ ಚುಕ್ತಾ ಮಾಡಲು ಜನವರಿ 8ರಂದು ಹಳೆಯ ಈಕ್ವಿಟಿ ಫಂಡ್ ಮಾರುತ್ತಾರೆ. ದೀರ್ಘಾವಧಿ ಲಾಭ 21.25 ಲಕ್ಷ. ಮೊದಲ 1.25 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 20 ಲಕ್ಷಕ್ಕೆ ಶೇ 12.5ರಂತೆ ಎರಡೂವರೆ ಲಕ್ಷ, ಅದರ ಮೇಲೆ ಶೇ 4 ಸೆಸ್ ಸೇರಿ 2,60,000 ರೂಪಾಯಿ. ಆಡಿಟರ್ ಎಚ್ಚರಿಸಿದ್ದರಿಂದ ಮಾರ್ಚ್ 12ರಂದೇ ಅಷ್ಟನ್ನೂ ಮುಂಗಡ ತೆರಿಗೆಯಾಗಿ ಕಟ್ಟಿದರು. ಬಾಕಿ ಉಳಿದಿದ್ದ ಒಂದೇ ಕಂತು ಮಾರ್ಚ್‌ನದು, ಅದೂ ಗಡುವಿನೊಳಗೇ ಆಯಿತು. ಬಡ್ಡಿ ಒಂದು ಪೈಸೆಯೂ ಬರಬಾರದು.

ಜುಲೈನಲ್ಲಿ ಐಟಿಆರ್-2 ತುಂಬುವಾಗ ಎಡವಟ್ಟಾಯಿತು. ಬಂಡವಾಳ ಲಾಭದ ವಿವರ ಬರೆಯುವ Schedule CG ಪುಟದ ಕೊನೆಗೆ F ಎಂಬ ಕೋಷ್ಟಕವಿದೆ. ಯಾವ ಅವಧಿಯಲ್ಲಿ ಎಷ್ಟು ಲಾಭ ಬಂತು ಎಂದು ಅದರ ಐದು ಕಾಲಂಗಳಲ್ಲಿ ಹಂಚಿ ಬರೆಯಬೇಕು. ಏಪ್ರಿಲ್‌ನಿಂದ ಜೂನ್ 15ರವರೆಗೆ ಒಂದು, ಆಮೇಲೆ ಸೆಪ್ಟೆಂಬರ್ 15ರವರೆಗೆ, ಡಿಸೆಂಬರ್ 15ರವರೆಗೆ, ಮಾರ್ಚ್ 15ರವರೆಗೆ, ಕಡೆಯದು ಮಾರ್ಚ್ 31ರವರೆಗೆ. ಮೊತ್ತ ತಾಳೆಯಾದರೆ ಸಾಕೆಂದುಕೊಂಡು ಇವರು ಅಷ್ಟೂ ಲಾಭವನ್ನು ಮೊದಲ ಕಾಲಂನಲ್ಲಿ ಹಾಕಿಬಿಟ್ಟರು. ತೆರಿಗೆ ಕಟ್ಟಿಯಾಗಿದೆಯಲ್ಲ ಎಂದು ಬಡ್ಡಿಯ ಜಾಗದಲ್ಲಿ ಸೊನ್ನೆ ಇಟ್ಟರು.

ರಿಟರ್ನ್‌ಗಳನ್ನು ಪರಿಶೀಲಿಸುವ ಬೆಂಗಳೂರಿನ ಸಿಪಿಸಿಯ ಕಂಪ್ಯೂಟರ್ ನೋಡುವುದು ಈ ಕೋಷ್ಟಕವನ್ನು, ಫಂಡ್ ಕಂಪನಿಯ ಸ್ಟೇಟ್‌ಮೆಂಟನ್ನಲ್ಲ. ಲಾಭ ಜೂನ್ 15ಕ್ಕೆ ಮುಂಚೆಯೇ ಬಂದಿತ್ತೆಂದು ಅದು ನಂಬುತ್ತದೆ. ಜೂನ್ ಕಂತಿನ 39,000 ಕಟ್ಟಿಲ್ಲ. ತಿಂಗಳಿಗೆ ಶೇ 1ರಂತೆ ಮೂರು ತಿಂಗಳಿಗೆ 1,170 ರೂಪಾಯಿ. ಸೆಪ್ಟೆಂಬರ್ ಹೊತ್ತಿಗೆ ಆಗಬೇಕಿದ್ದ 1,17,000ಕ್ಕೆ 3,510. ಡಿಸೆಂಬರ್‌ನ 1,95,000ಕ್ಕೆ 5,850. ಒಟ್ಟು 10,530 ರೂಪಾಯಿಯ ಬೇಡಿಕೆ ಇಮೇಲ್‌ನಲ್ಲಿ ಬರುತ್ತದೆ.

ಬರುವ ಪಿಡಿಎಫ್‌ಗೆ ಬೀಗವಿರುತ್ತದೆ: ಸಣ್ಣ ಅಕ್ಷರದಲ್ಲಿ ಪ್ಯಾನ್ ಸಂಖ್ಯೆ, ಅದಕ್ಕಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ. ತೆರೆದರೆ 143(1) ಕಲಮಿನಡಿ ಕಳಿಸಿದ ಇಂಟಿಮೇಷನ್. ಎಡಗಡೆ ನೀವು ಕೊಟ್ಟ ಲೆಕ್ಕ, ಬಲಗಡೆ ಅವರು ಹಾಕಿದ ಲೆಕ್ಕ. ಗಾಬರಿಬಿದ್ದು ಮೊದಲ ಪುಟದ ಮೊತ್ತವನ್ನೇ ನೋಡುತ್ತ ಕೂರದೆ ಎರಡು ಕಾಲಂಗಳೂ ಎಲ್ಲಿ ಬೇರೆಯಾಗುತ್ತವೆ ಎಂದು ಸಾಲು ಸಾಲಾಗಿ ಹುಡುಕಬೇಕು. ಆದಾಯ, ತೆರಿಗೆ, ಟಿಡಿಎಸ್, ಮುಂಗಡ ತೆರಿಗೆ ಎಲ್ಲವೂ ಒಂದೇ ಆಗಿದ್ದು 234ಸಿ ಸಾಲಿನಲ್ಲಿ ಮಾತ್ರ ಎಡಕ್ಕೆ ಸೊನ್ನೆ, ಬಲಕ್ಕೆ ಅಂಕಿ ಇದ್ದರೆ ಮೊದಲ ಅನುಮಾನ ಆ ಕೋಷ್ಟಕದ ಮೇಲೇ ಹೋಗಲಿ. ಮುಂಗಡ ತೆರಿಗೆಯ ಸಾಲೇ ಬಲಗಡೆ ಕಡಿಮೆಯಾಗಿದ್ದರೆ ಅದು ಚಲನ್ ಸೇರದ ತೊಂದರೆ, ದಾರಿ ಬೇರೆ.

ತಾರೀಖಿನ ತಪ್ಪಾದರೆ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ತಿದ್ದುಪಡಿ ಕೋರಬಹುದು. 154ನೇ ಕಲಮಿನ ಆ ಅರ್ಜಿಯಲ್ಲಿ 234ಸಿ ಬಡ್ಡಿಗೆಂದೇ ಹೆಚ್ಚುವರಿ ಮಾಹಿತಿ ಕೊಡುವ ಪ್ರತ್ಯೇಕ ಆಯ್ಕೆಯನ್ನು ಇಟ್ಟಿದ್ದಾರೆ. ಇಟ್ಟಿದ್ದಾರೆಂದರೇ ಎಷ್ಟು ಜನ ಇದೇ ಹಳ್ಳಕ್ಕೆ ಬೀಳುತ್ತಿರಬೇಕೆಂದು ಊಹಿಸಬಹುದು. ಅರ್ಜಿ ಹಾಕಿ ಸುಮ್ಮನಾಗಬಾರದು. ಬಾಕಿ ಬೇಡಿಕೆಗೆ ಉತ್ತರಿಸುವ ಪುಟದಲ್ಲೂ ಒಪ್ಪುವುದಿಲ್ಲವೆಂದು ಕಾರಣ ಸಮೇತ ದಾಖಲಿಸಬೇಕು. ಬೇಡಿಕೆಯ ಒಂದು ಭಾಗ ಸರಿ, ಇನ್ನೊಂದು ತಪ್ಪು ಎನ್ನಲೂ ಅಲ್ಲಿ ಅವಕಾಶವಿದೆ. ನ್ಯಾಯವಾಗಿ ಕೊಡಬೇಕಾದ ಹಣವನ್ನು 30 ದಿನ ಮೀರಿ ಉಳಿಸಿಕೊಂಡರೆ ಅದರ ಮೇಲೆ ಮತ್ತೆ ತಿಂಗಳಿಗೆ ಶೇ 1 ಏರುತ್ತದೆ.

ಈಗ ಇದೇ ಇಂಜಿನಿಯರ್ ಮಾರ್ಚ್‌ನಲ್ಲಿ ಏನೂ ಕಟ್ಟದೆ ಜುಲೈ 20ಕ್ಕೆ ರಿಟರ್ನ್ ಜೊತೆ 2,60,000 ಕಟ್ಟಿದ್ದರೆ ವಾದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಆಗ 234ಬಿ ಎಂಬ ಇನ್ನೊಂದು ಬಡ್ಡಿ ಮೇಲೆ ಬೀಳುತ್ತದೆ, ಅದರಲ್ಲಿ ಬಂಡವಾಳ ಲಾಭಕ್ಕೆ ರಿಯಾಯಿತಿ ಇಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳಿಗೆ 10,400 ರೂಪಾಯಿ. ತಿಂಗಳ ಒಂದು ದಿನವಾದರೂ ಪೂರ್ತಿ ತಿಂಗಳೇ. ಶೇ 90ರಷ್ಟು ಕಟ್ಟಿದ್ದರೆ ಈ ಬಡ್ಡಿ ಇಲ್ಲ ಎಂಬುದನ್ನು ಕೇಳಿ ಅನೇಕರು ಸಂಬಳದ ಟಿಡಿಎಸ್ಸನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಹಾಗಲ್ಲ. ಟಿಡಿಎಸ್ ಕಳೆದು ಉಳಿದ ತೆರಿಗೆಯ ಶೇ 90 ಅದು. ಇವರ ವಿಷಯದಲ್ಲಿ 2,34,000. ಸಂಬಳದಿಂದ ಹತ್ತು ಲಕ್ಷ ಹಿಡಿದಿದ್ದರೂ ಈ ಅಂಕಿ ಕದಲುವುದಿಲ್ಲ. ಹಾಗೆಯೇ ಬಡ್ಡಿ ಸೇರಿಸದೆ ಬರೀ ತೆರಿಗೆ ಕಟ್ಟಿದರೆ ಆ ಹಣ ಮೊದಲು ಬಡ್ಡಿಗೆ ವಜಾ ಆಗಿ, ಅಷ್ಟೇ ತೆರಿಗೆ ಬಾಕಿ ಎಂದು ಮತ್ತೆ ನೋಟಿಸ್ ಬರುತ್ತದೆ.

ಸಂಬಳದಾರರಿಗೆ ಮಾತ್ರ ಇರುವ, ಆದರೆ ಹೆಚ್ಚಿನವರು ಬಳಸದ ಒಂದು ದಾರಿ ಕಚೇರಿಯ ಅಕೌಂಟ್ಸ್ ವಿಭಾಗದಲ್ಲೇ ಇದೆ. ಬೇರೆ ಆದಾಯವನ್ನು ಕಚೇರಿಗೆ ತಿಳಿಸಿ ಅದರ ತೆರಿಗೆಯನ್ನೂ ಸಂಬಳದಲ್ಲೇ ಹಿಡಿಯಿರಿ ಎಂದು ಕೇಳಲು 192(2ಬಿ) ಅವಕಾಶ ಕೊಡುತ್ತದೆ. ಮುಂಗಡ ತೆರಿಗೆಯ ಲೆಕ್ಕ ಹಾಕುವಾಗ ವರ್ಷದ ಟಿಡಿಎಸ್ಸನ್ನೆಲ್ಲ ಮೊದಲೇ ಕಳೆಯುವುದರಿಂದ, ಅದು ಫೆಬ್ರುವರಿ, ಮಾರ್ಚ್ ಸಂಬಳದಲ್ಲಿ ಹಿಡಿದದ್ದಾದರೂ ಕಂತಿನ ತಾರೀಖಿನ ಪ್ರಶ್ನೆ ಬರುವುದಿಲ್ಲ. ಎರಡು ತಿಂಗಳ ಸಂಬಳ 2.6 ಲಕ್ಷದ ಕಡಿತವನ್ನು ತಾಳುವಷ್ಟಿರಬೇಕು, ಅಷ್ಟೇ. ಈ ಕಲಮುಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ; ಅದಕ್ಕೆ ಹಿಂದಿನ ವರ್ಷಗಳ ನೋಟಿಸ್‌ಗಳು ಮಾತ್ರ ಇದೇ ಹಳೆಯ ಸಂಖ್ಯೆ ಹೊತ್ತು ಬರುತ್ತವೆ.