ಮೊದಲ ವಾಕ್ಯ ಬಾಯಿಗೆ ಬರುವುದು ಹೇಗೆ?

ತರಗತಿಯಲ್ಲಿ ಒಂದು ಡೌಟ್ ಬಂದಿರುತ್ತದೆ. ಕೇಳಬೇಕಾದ ಪ್ರಶ್ನೆಯೂ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಆದರೆ ‘ಸರ್’ ಎಂಬ ಒಂದು ಪದ ಗಂಟಲಲ್ಲೇ ನಿಂತುಬಿಡುತ್ತದೆ. ಅಷ್ಟರಲ್ಲಿ ಬೆಲ್ ಆಗುತ್ತದೆ. ಇಂಥವರನ್ನು ನೋಡಿ ‘ನಾಚಿಕೆ ಸ್ವಭಾವ’ ಎಂದು ಸುಮ್ಮನಾಗುತ್ತೇವೆ. ನಾಲ್ಕು ಜನರ ಮುಂದೆ ತಪ್ಪಾದರೆ ನಗುತ್ತಾರೆ, ನನ್ನನ್ನು ಕಡಿಮೆ ಎಂದುಕೊಳ್ಳುತ್ತಾರೆ ಎಂಬ ಈ ಭಯಕ್ಕೆ ಮನೋವಿಜ್ಞಾನದಲ್ಲಿ ಸಾಮಾಜಿಕ ಆತಂಕ ಎನ್ನುತ್ತಾರೆ. ಇದನ್ನು ಅಭ್ಯಾಸದಿಂದ ಕಡಿಮೆ ಮಾಡಿಕೊಳ್ಳಬಹುದು. ಅದಕ್ಕೆ ಭಾಷಣ ಸ್ಪರ್ಧೆಗೆ ಹೆಸರು ಕೊಡಬೇಕಿಲ್ಲ, ಮೊದಲ ವಾಕ್ಯವೊಂದನ್ನೇ ಅಭ್ಯಾಸ ಮಾಡಿದರೆ ಸಾಕು.

ಮೊದಲ ವಾಕ್ಯವೇ ಏಕೆ? ಈ ಭಯ ಹೆಚ್ಚಾಗಿ ಮಾತಾಡುವಾಗಿಗಿಂತ ಮಾತಾಡುವುದಕ್ಕೆ ಮುಂಚೆ, ಕಾಯುವಾಗ ಏರುತ್ತದೆ. ‘ಬೇಡ ಬಿಡು’ ಎಂದು ಸುಮ್ಮನಾದ ಕೂಡಲೇ ಎದೆ ಹಗುರವಾಗುತ್ತದೆ. ಆ ಹಗುರವೇ ಮನಸ್ಸಿಗೆ ತಪ್ಪು ಪಾಠ ಕಲಿಸುತ್ತದೆ: ಸುಮ್ಮನಿದ್ದದ್ದಕ್ಕೇ ಬಚಾವಾದೆ ಎಂದು. ಮುಂದಿನ ಸಲ ಸುಮ್ಮನಿರುವುದು ಇನ್ನೂ ಸುಲಭ, ಮಾತಾಡುವುದು ಇನ್ನೂ ಕಷ್ಟ.

ನಮ್ಮ ಕಡೆ ಇದರ ಜೊತೆ ಭಾಷೆಯೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ದಖನಿ, ಬಸ್ಸಿನಲ್ಲಿ ಕನ್ನಡ, ಲ್ಯಾಬಿನಲ್ಲಿ ಇಂಗ್ಲಿಷ್. ಯಾವ ಭಾಷೆಯಲ್ಲಿ ಶುರು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಆದ್ದರಿಂದ ಅಭ್ಯಾಸದ ವಾಕ್ಯ ಯಾವ ಭಾಷೆಯಲ್ಲಿ ಎಂದು ಮೊದಲೇ ತೀರ್ಮಾನಿಸಿ. ಎದುರಿನವರಿಗೆ ಅರ್ಥವಾದರೆ ಸಾಕು, ಉಚ್ಚಾರಣೆ ಚೆನ್ನಾಗಿರಲೇಬೇಕೆಂದಿಲ್ಲ.

ಈಗ ವಿಧಾನಕ್ಕೆ ಬರೋಣ. ಇದನ್ನು ಏಣಿ ಹತ್ತಿದಂತೆ ಮಾಡಬೇಕು. ಭಯವನ್ನು 0ಯಿಂದ 100ರವರೆಗೆ ಅಳೆಯಿರಿ. 0 ಎಂದರೆ ನೆಮ್ಮದಿ, 100 ಎಂದರೆ ತಡೆಯಲಾರದಷ್ಟು ಭಯ. ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು ಬಳಕೆಗೆ ತಂದ ಈ ಅಳತೆಯನ್ನು ಚಿಕಿತ್ಸಕರು ಇಂದಿಗೂ ಬಳಸುತ್ತಾರೆ. ನಿಮಗೆ ಸುಮಾರು 30 ಎನಿಸುವ ಸಂದರ್ಭದಿಂದ ಶುರು ಮಾಡಿ.

ಉದಾಹರಣೆಗೆ, ಕಾಡುಗೋಡಿ ಕಡೆಯಿಂದ ಬಸ್ಸಿನಲ್ಲಿ ಬರುವ ಪ್ರಥಮ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಇದ್ದಾಳೆಂದುಕೊಳ್ಳೋಣ. ಗಣಿತದ ಮೇಡಂ ಬಳಿ ಡೌಟ್ ಕೇಳುವುದು ಅವಳ ಗುರಿ. ಅದಕ್ಕೆ ಅವಳು ಕೊಡುವ ಅಂಕ 80.

ಮೊದಲ ಮೆಟ್ಟಿಲು ಬಸ್. ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡಿಲ್ಲದಿದ್ದರೂ ಇಳಿಯುವ ಜಾಗವನ್ನು ಕಂಡಕ್ಟರ್‌ಗೆ ಹೇಳಲೇಬೇಕು. ಇದುವರೆಗೆ ಪಕ್ಕದ ಗೆಳತಿಯೇ ಇಬ್ಬರಿಗೂ ಹೇಳುತ್ತಿದ್ದಳು. ಇನ್ನು ಮೇಲೆ ಇವಳೇ ಹೇಳುತ್ತಾಳೆ: ‘ಅಣ್ಣ, ಹೋಪ್ ಫಾರ್ಮ್ ಒಂದು.’ ಎದುರಿನವರು ಅದೇ ಮಾತಿಗೆ ಕಾಯುತ್ತಿರುವುದರಿಂದ ಇದು ಒಳ್ಳೆಯ ಆರಂಭ. ಸಲಾಂ, ನಮಸ್ಕಾರಗಳೂ ಇಂಥವೇ. ಉತ್ತರ ಏನೆಂದು ಇಬ್ಬರಿಗೂ ಗೊತ್ತಿರುತ್ತದೆ.

ಎರಡನೆಯದು ಜೆರಾಕ್ಸ್ ಅಂಗಡಿ: ‘ಅಣ್ಣ, ಎರಡು ಕಾಪಿ, ಎರಡೂ ಕಡೆ.’ ಮೂರನೆಯದು ಗ್ರಂಥಾಲಯ: ‘ಸರ್, ಈ ಪುಸ್ತಕ ಎಷ್ಟು ದಿನ ಇಟ್ಟುಕೊಳ್ಳಬಹುದು?’ ಇಲ್ಲಿ ಉತ್ತರ ಏನು ಬರುತ್ತದೋ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಕಷ್ಟ. ನಾಲ್ಕನೆಯದು ಹೆಚ್ಚು ಪರಿಚಯವಿಲ್ಲದ ಸಹಪಾಠಿ: ‘ನಿನ್ನೆ ಕೆಮಿಸ್ಟ್ರಿ ಎಲ್ಲಿವರೆಗೆ ಆಯ್ತು?’ ಐದನೆಯದು ತರಗತಿ ಮುಗಿದ ಮೇಲೆ ಬಾಗಿಲ ಬಳಿ: ‘ಮೇಡಂ, ಈ ಲೆಕ್ಕದ ಎರಡನೇ ಸ್ಟೆಪ್ ಅರ್ಥ ಆಗ್ಲಿಲ್ಲ.’ ಇದು ಬಂದ ಮೇಲೆ, ಬೇಕಿದ್ದರೆ, ತರಗತಿಯಲ್ಲೇ ಕೈ ಎತ್ತುವುದು.

ಪ್ರತಿ ಸಲವೂ ಮೂರು ಕೆಲಸ ಮಾಡಬೇಕು. ಮೊದಲು, ಏನಾಗಬಹುದು ಎಂಬ ಭಯವನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ‘ಚೆನ್ನಾಗಿರಲ್ಲ’ ಎಂದು ಬರೆದರೆ ಪರೀಕ್ಷಿಸಲು ಆಗುವುದಿಲ್ಲ. ‘ಕಂಡಕ್ಟರ್ ಬೈಯುತ್ತಾರೆ, ಹಿಂದಿನ ಸೀಟಿನವರು ನಗುತ್ತಾರೆ’ ಎಂದು ಕಣ್ಣಿಗೆ ಕಾಣುವಂತೆ ಬರೆಯಿರಿ. ಅದರ ಪಕ್ಕ ಭಯದ ಅಂಕ ಹಾಕಿ. ನಂತರ ವಾಕ್ಯವನ್ನು ಹೇಳಿ. ಕೊನೆಗೆ, ನಿಜವಾಗಿ ಏನಾಯಿತು ಎಂದು ಬರೆಯಿರಿ: ‘ಎಲ್ಲಿಗಮ್ಮ ಅಂತ ಇನ್ನೊಂದು ಸಲ ಕೇಳಿದರು, ಟಿಕೆಟ್ ಕೊಟ್ಟರು. ಯಾರೂ ನಗಲಿಲ್ಲ.’ ಭಯ ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಈ ವ್ಯತ್ಯಾಸವೇ ಪಾಠ. ಒಂದು ಸಲ ಸಾಲದು. ಒಂದೇ ಮೆಟ್ಟಿಲಲ್ಲಿ ದಿನಕ್ಕೊಮ್ಮೆಯಂತೆ ಮಾಡುತ್ತಾ ಹೋಗಿ, ಅಂಕ ಸುಮಾರು ಅರ್ಧಕ್ಕೆ ಇಳಿದಾಗ ಮೇಲಿನದಕ್ಕೆ ಹೋಗಿ. 0 ಆಗುವವರೆಗೆ ಕಾಯಬೇಡಿ.

ಕೆಲವರು ಮಾಡುತ್ತಲೇ ಇರುತ್ತಾರೆ, ಆದರೆ ಅಂಕ ಇಳಿಯುವುದಿಲ್ಲ. ಇದಕ್ಕೆ ಸಾಮಾನ್ಯ ಕಾರಣವನ್ನು 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನೋವಿಜ್ಞಾನಿಗಳು ವಿವರಿಸಿದರು. ಆತಂಕ ಇರುವವರ ಗಮನ ಒಳಕ್ಕೆ ತಿರುಗುತ್ತದೆ: ನನ್ನ ಧ್ವನಿ ನಡುಗುತ್ತಿದೆಯಾ, ಮುಖ ಕೆಂಪಾಯಿತಾ? ಜೊತೆಗೆ ಅವರು ಸಣ್ಣ ಸಣ್ಣ ಮರೆಗಳನ್ನು ಹುಡುಕುತ್ತಾರೆ. ಮೊಬೈಲ್ ನೋಡುತ್ತಾ ಮಾತಾಡುವುದು, ಪಿಸುಗುಡುವುದು, ಬೇಗ ಬೇಗ ಹೇಳಿ ಮುಗಿಸುವುದು, ಪ್ರತಿ ಪದವನ್ನೂ ಮನಸ್ಸಿನಲ್ಲಿ ಹತ್ತು ಸಲ ಬಾಯಿಪಾಠ ಮಾಡುವುದು. ಎಲ್ಲ ಸರಿಹೋದರೂ ‘ಮರೆ ಇದ್ದದ್ದಕ್ಕೆ ಬಚಾವಾದೆ’ ಎಂದೇ ಮನಸ್ಸು ನಂಬುತ್ತದೆ. ಅದೂ ಅಲ್ಲದೆ, ಪಿಸುಗುಟ್ಟಿದರೆ ಎದುರಿನವರು ‘ಏನು?’ ಎಂದು ಜೋರಾಗಿ ಕೇಳುತ್ತಾರೆ. ಅದನ್ನೇ ಬೈಗುಳ ಎಂದುಕೊಳ್ಳುತ್ತೇವೆ.

ಆದ್ದರಿಂದ ಮನೆಯಲ್ಲಿ ಒಬ್ಬರೇ ಇರುವಾಗ ವಾಕ್ಯವನ್ನು ಮಾಮೂಲಿ ಧ್ವನಿಯಲ್ಲಿ ಎರಡು ಮೂರು ಸಲ ಬಾಯಿಬಿಟ್ಟು ಹೇಳಿ, ಅಷ್ಟಕ್ಕೇ ನಿಲ್ಲಿಸಿ. ಜಾಗಕ್ಕೆ ಹೋದ ಮೇಲೆ ಒಂದೊಂದು ಸಲ ಒಂದೊಂದು ಮರೆಯನ್ನು ಬಿಡಿ: ಇವತ್ತು ಮೊಬೈಲ್ ಬ್ಯಾಗಿನಲ್ಲಿರಲಿ, ನಾಳೆ ಧ್ವನಿ ಸ್ವಲ್ಪ ಏರಲಿ. ಗಮನಕ್ಕೂ ಹೊರಗೆ ಒಂದು ಕೆಲಸ ಕೊಡಿ. ಕಂಡಕ್ಟರ್ ಕೈಯಲ್ಲಿ ಟಿಕೆಟ್ ಮೆಷಿನ್ ಇದೆಯೋ, ಟಿಕೆಟ್ ಪುಸ್ತಕ ಇದೆಯೋ ನೋಡಿ. ಹೊರಗೆ ನೋಡುವಾಗ ನಮ್ಮನ್ನೇ ಕಾಯುವುದು ಕಡಿಮೆಯಾಗುತ್ತದೆ.

ಒಂದು ದಿನ ನಿಜವಾಗಿಯೂ ಕೆಡಬಹುದು. ಕಂಡಕ್ಟರ್ ಸಿಡುಕಬಹುದು, ಸಹಪಾಠಿ ಕೇಳಿಸಿಕೊಳ್ಳದೆ ಹೋಗಬಹುದು. ಅದಕ್ಕಾಗಿ ಎರಡನೇ ವಾಕ್ಯ ಒಂದಿರಲಿ: ‘ಇನ್ನೊಂದ್ ಸಲ ಹೇಳ್ತೀನಿ.’ ಅದನ್ನು ಹೇಳಿದರೆ ಆ ದಿನದ ಅಭ್ಯಾಸ ಪೂರ್ತಿ. ಬಾಯಿಯೇ ತೆರೆಯಲಾಗಲಿಲ್ಲವೆಂದರೆ ಮೆಟ್ಟಿಲು ಎತ್ತರವಾಯಿತು ಎಂದರ್ಥ. ನಡುವೆ ಇನ್ನೊಂದು ಮೆಟ್ಟಿಲು ಹಾಕಿಕೊಳ್ಳಿ. ಉದಾಹರಣೆಗೆ, ಮೇಡಂ ಬಳಿ ಡೌಟ್ ಬೇಡ, ‘ಗುಡ್ ಮಾರ್ನಿಂಗ್ ಮೇಡಂ’ ಮಾತ್ರ ಸಾಕು.

ಉಪನ್ಯಾಸಕರಿಗೂ ಒಂದು ಮಾತು. ಇಂಥ ವಿದ್ಯಾರ್ಥಿ ಬಾಯಿ ತೆರೆದಾಗ ವಾಕ್ಯವನ್ನು ನೀವೇ ಮುಗಿಸಬೇಡಿ, ಸ್ವಲ್ಪ ಕಾಯಿರಿ. ‘ಅಂತೂ ಮಾತಾಡಿದಳಲ್ಲ!’ ಎಂದು ಎಲ್ಲರೆದುರು ಹೊಗಳಿದರೂ ಎಲ್ಲರ ಕಣ್ಣು ಅವಳ ಮೇಲೆ ಬೀಳುತ್ತದೆ. ಕೇಳಿದ ಪ್ರಶ್ನೆಗೆ ಮಾಮೂಲಿಯಾಗಿ ಉತ್ತರಿಸಿದರೆ ಅದೇ ದೊಡ್ಡ ಸಹಾಯ.

ಈ ಏಣಿ ಎಲ್ಲರಿಗೂ ಸಾಲುವುದಿಲ್ಲ. ಭಯ ಆರು ತಿಂಗಳಿಗಿಂತ ಹೆಚ್ಚು ಕಾಲ ಇದ್ದು, ಅದರಿಂದ ಕಾಲೇಜು ತಪ್ಪಿಸುವುದೋ, ಪ್ರಾಕ್ಟಿಕಲ್ ಪರೀಕ್ಷೆಯ ವೈವಾ ಬಿಡುವುದೋ ಆಗುತ್ತಿದ್ದರೆ ಚಿಕಿತ್ಸೆ ಬೇಕಾಗಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೂ ಇದಕ್ಕೆ ಚಿಕಿತ್ಸೆ ಸಿಗುತ್ತದೆ. ಫೋನ್ ಮಾಡುವುದಕ್ಕೇ ಭಯವಾದರೆ ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ: ‘ನನಗೆ ಜನರ ಜೊತೆ ಮಾತಾಡೋಕೆ ತುಂಬಾ ಭಯ ಆಗುತ್ತೆ.’ ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.