ಹತ್ತು ಹನಿ ನೀರಿನ ಉಬ್ಬು

ಮದುವೆಯಾದ ಹೊಸತರಲ್ಲಿ ನಾನು ಮಾಡುತ್ತಿದ್ದ ಚಪಾತಿ ಬಿಸಿಯಿದ್ದಾಗ ಹೇಗೋ ನಡೆಯುತ್ತಿತ್ತು, ಮಧ್ಯಾಹ್ನ ಡಬ್ಬಿ ತೆರೆಯುವ ಹೊತ್ತಿಗೆ ಹಪ್ಪಳವಾಗಿರುತ್ತಿತ್ತು. ಹಾಲು ಹಾಕಿ ನೋಡಿದೆ, ತುಪ್ಪ ಹಾಕಿ ನೋಡಿದೆ, ಒಮ್ಮೆ ಚಿಟಿಕೆ ಸೋಡಾವನ್ನೂ ಹಾಕಿದೆ. ಪಕ್ಕದ ಮನೆಯ ಧಾರವಾಡದ ಅಜ್ಜಿ ಒಂದು ದಿನ ನಾನು ಹಿಟ್ಟು ನಾದುವುದನ್ನು ನೋಡುತ್ತಾ ನಿಂತಿದ್ದವರು, "ನೀರಿಗ್ಯಾಕ ಇಷ್ಟು ಜುಗ್ಗತನ ಮಾಡ್ತೀಯವಾ?" ಅಂದರು.

ಮಾತು ಸರಿಯಾಗಿತ್ತು. ಲಟ್ಟಿಸುವಾಗ ಅಂಟಬಾರದೆಂದು ನಾನು ಹಿಟ್ಟನ್ನು ಗಟ್ಟಿಯಾಗಿ ಕಲಸುತ್ತಿದ್ದೆ. ಈಗ 250 ಗ್ರಾಂ ಗೋಧಿಹಿಟ್ಟಿಗೆ ಚಿಟಿಕೆ ಉಪ್ಪು ಬೆರೆಸಿ ಮೊದಲು 160 ಮಿಲಿಲೀಟರ್ ನೀರು ಹಾಕುತ್ತೇನೆ. ಆಮೇಲೆ ಕೈ ಒದ್ದೆ ಮಾಡಿಕೊಂಡು ನಾದುತ್ತಾ ನಾದುತ್ತಾ ಇನ್ನೊಂದು 20 ಮಿಲಿಲೀಟರ್‌ವರೆಗೂ ಹೋಗುತ್ತದೆ. ಇಷ್ಟೇ ಎಂದು ಬರೆದಿಡಲಾಗದು, ಏಕೆಂದರೆ ಎಲ್ಲ ಹಿಟ್ಟೂ ಒಂದೇ ರೀತಿ ನೀರು ಕುಡಿಯುವುದಿಲ್ಲ. ಗಿರಣಿಯ ಕಲ್ಲಿನ ನಡುವೆ ಅರೆಯುವಾಗ ಗೋಧಿಯ ಪಿಷ್ಟದ ಕಣಗಳು ಸಾಕಷ್ಟು ಜಜ್ಜಿಹೋಗುತ್ತವೆ, ಜಜ್ಜಿದ ಕಣ ಹೆಚ್ಚು ನೀರು ಹೀರುತ್ತದೆ. ತೌಡು ಜಾಸ್ತಿಯಿದ್ದರೂ ಹಾಗೆಯೇ. ಅದೇ ನೀರನ್ನು ಮೈದಾಕ್ಕೆ ಹಾಕಿದರೆ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಮೊದಲ ಎರಡು ನಿಮಿಷ ಗೋಧಿಹಿಟ್ಟೂ ಅಂಟಬೇಕು. ಅಂಟಿತೆಂದು ಒಣಹಿಟ್ಟು ಉದುರಿಸಿದರೆ ಕೆಲಸ ಕೆಟ್ಟಿತು.

ಏಳೆಂಟು ನಿಮಿಷ ನಾದಿ, ಮೇಲೆ ಎಣ್ಣೆ ಸವರಿ, ಮುಚ್ಚಿ ಅರ್ಧ ಗಂಟೆ ಬಿಡಿ. ತೌಡು ನೀರನ್ನು ನಿಧಾನವಾಗಿ ಹೀರುತ್ತದೆ, ಆಗ ಅಂಟು ತಾನಾಗಿ ಹೋಗುತ್ತದೆ. ನಾದಿದಾಗ ಬಿಗಿದುಕೊಂಡ ಗ್ಲುಟೆನ್ ಎಳೆಗಳೂ ಸಡಿಲವಾಗುತ್ತವೆ. ಬಿಡದೆ ಲಟ್ಟಿಸಿದರೆ ಚಪಾತಿ ರಬ್ಬರಿನಂತೆ ಹಿಂದಕ್ಕೆ ಸೇದುತ್ತದೆ. ಸೇದಿತೆಂದು ನಾವು ಇನ್ನೂ ಒತ್ತುತ್ತೇವೆ, ನಡುವೆ ತೆಳ್ಳಗೆ, ಅಂಚು ದಪ್ಪ. ಹಿಟ್ಟು ಸಾಕಾಯಿತೋ ಇಲ್ಲವೋ ತಿಳಿಯಲು ಬೆರಳಿಂದ ಒತ್ತಿ ನೋಡಿ: ಗುಳಿ ಮೆಲ್ಲಗೆ ಅರ್ಧ ತುಂಬಿದರೆ ಸರಿ, ಥಟ್ಟನೆ ಪುಟಿದರೆ ಇನ್ನೂ ಕಾಯಿರಿ. ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಇಷ್ಟು ಹಿಟ್ಟಿಗೆ ಹತ್ತು ಉಂಡೆ ಬರುತ್ತವೆ. ಆರೂವರೆ ಇಂಚಿಗೆ ಲಟ್ಟಿಸಿದರೆ ದಪ್ಪ ಎರಡು ಮಿಲಿಮೀಟರಿಗೆ ತುಸು ಕಡಿಮೆ.

ಇನ್ನು ಉಬ್ಬುವ ವಿಷಯ. ಕಾದ ತವಾ ಮುಟ್ಟಿದೊಡನೆ ಚಪಾತಿಯ ಎರಡೂ ಮೈ ಒಂದೊಂದಾಗಿ ಬೆಂದು ತೆಳುವಾದ ಪದರವಾಗುತ್ತವೆ, ಒಳಗಿನ ನೀರು ಆವಿಯಾಗಿ ಅವನ್ನು ಬೇರೆ ಮಾಡುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಅಂದರೆ ಒಂದು ಚಪಾತಿ ಚೆಂಡಾಗಲು ಅರ್ಧ ಮಿಲಿಲೀಟರ್, ಹತ್ತು ಹನಿ ಸಾಕು. ನಮ್ಮ ಉಂಡೆಯಲ್ಲಿ ಇರುವುದು ಹದಿನೇಳು ಮಿಲಿಲೀಟರಿನಷ್ಟು. ಹಾಗಾದರೆ ಉಳಿದದ್ದು ಯಾತಕ್ಕೆ? ಪದರ ಹರಿಯದೆ ಹಿಗ್ಗಲಿ ಎಂದು, ಬೆಂದ ಮೇಲೂ ಮೆತ್ತಗಿರಲಿ ಎಂದು. ಗಟ್ಟಿ ಹಿಟ್ಟಿನ ಚಪಾತಿಯಲ್ಲೂ ಆವಿ ಬೇಕಾದಷ್ಟಿರುತ್ತದೆ, ಹಿಗ್ಗುವ ಗುಣ ಇರುವುದಿಲ್ಲ.

ಆದ್ದರಿಂದ ಆವಿ ಬೇಗ ಹುಟ್ಟಬೇಕು. ತವಾ ಸಣ್ಣ ಉರಿಯಲ್ಲಿದ್ದರೆ ನೀರು ನಿಧಾನವಾಗಿ ಹೊರಗೆ ಸೋರಿ ಚಪಾತಿ ಒಣಗುತ್ತದೆ. ನಾನು ವರ್ಷಗಟ್ಟಲೆ ಮಾಡಿದ ಎರಡನೇ ತಪ್ಪು ಇದೇ, ಸುಡಬಾರದೆಂಬ ಹೆದರಿಕೆಯಿಂದ. ತವಾ ಮೇಲೆ ಚಿಟಿಕೆ ಹಿಟ್ಟು ಉದುರಿಸಿ: ಐದಾರು ಸೆಕೆಂಡಿನಲ್ಲಿ ಹೊಂಬಣ್ಣಕ್ಕೆ ತಿರುಗಿದರೆ ಹದ, ತಕ್ಷಣ ಕಪ್ಪಾಗಿ ಹೊಗೆಯಾಡಿದರೆ ಜಾಸ್ತಿ, ಬೆಳ್ಳಗೇ ಕೂತರೆ ಕಡಿಮೆ. ಹಾಕಿದ ಮೈಯನ್ನು ಹದಿನೈದು ಇಪ್ಪತ್ತು ಸೆಕೆಂಡಿಗೆ, ಬಣ್ಣ ಮಾಸಿ ಸಣ್ಣ ಗುಳ್ಳೆ ಕಂಡ ಕೂಡಲೇ ತಿರುವಿ. ಎರಡನೇ ಮೈಗೆ ಅರ್ಧ ನಿಮಿಷ ಕೊಡಿ, ಕಂದು ಚುಕ್ಕೆ ಬರಲಿ. ಮತ್ತೆ ತಿರುವಿ ಬಟ್ಟೆಯ ಉಂಡೆಯಿಂದ ಅಂಚನ್ನು ಮೆತ್ತಗೆ ಒತ್ತುತ್ತಾ ಹೋದರೆ ಒಂದು ಕಡೆಯ ಗುಳ್ಳೆ ಇನ್ನೊಂದು ಕಡೆಗೆ ಹರಡಿ ಪೂರ್ತಿ ಏಳುತ್ತದೆ. ಅವಸರವಿದ್ದರೆ ಇಕ್ಕಳದಲ್ಲಿ ಹಿಡಿದು ನೇರ ಉರಿಗೆ ಹಿಡಿಯಿರಿ.

ಉಬ್ಬುತ್ತಾ ಉಬ್ಬುತ್ತಾ ಪುಸ್ಸೆಂದು ಒಂದೇ ಜಾಗದಿಂದ ಆವಿ ಹೋದರೆ ಅಲ್ಲಿ ಲಟ್ಟಿಸುವಾಗ ಬಿದ್ದ ಮಡಿಕೆಯೋ, ಉಗುರು ತಾಗಿದ ಗೀರೋ ಇರುತ್ತದೆ. ಅಲ್ಲಲ್ಲಿ ಮಾತ್ರ ಗುಳ್ಳೆ ಎದ್ದರೆ ದಪ್ಪ ಏರುಪೇರಾಗಿದೆ. ಉಬ್ಬದೆಯೂ ಚಪಾತಿ ಮೆತ್ತಗಿರಬಹುದು, ಅದು ಬೇರೆ ಮಾತು. ಎಣ್ಣೆ ಸವರಿ ಮಡಚಿ ಲಟ್ಟಿಸುವ ಉತ್ತರ ಕರ್ನಾಟಕದ ಪದರಿನ ಚಪಾತಿ ಚೆಂಡಾಗದಿದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಇಳಿಸಿದ ಚಪಾತಿಯನ್ನು ಒಂದು ನಿಮಿಷ ಆರಲು ಬಿಟ್ಟು, ಹತ್ತಿಬಟ್ಟೆ ಹಾಸಿದ ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟು ಬಟ್ಟೆ ಮಡಚಿ ಮುಚ್ಚಿ. ಬಿಸಿಬಿಸಿಯಾಗಿ ಬಟ್ಟೆಯಿಲ್ಲದೆ ಮುಚ್ಚಿದರೆ ಮುಚ್ಚಳದಿಂದ ಹನಿ ಬಿದ್ದು ಮೇಲಿನ ಚಪಾತಿ ತೊಯ್ದುಹೋಗುತ್ತದೆ, ಬಿಚ್ಚಿಟ್ಟರೆ ಹತ್ತೇ ನಿಮಿಷಕ್ಕೆ ಅಂಚು ಗರಿಗಟ್ಟುತ್ತದೆ. ಅಜ್ಜಿಯ ಮನೆಯಲ್ಲಿ ಇದಕ್ಕೆಂದೇ ಹಳೆಯ ಪಂಚೆಯ ತುಂಡೊಂದಿತ್ತು. ಅದನ್ನು ಯಾರಾದರೂ ಕೈ ಒರೆಸಲು ತೆಗೆದುಕೊಂಡರೆ ಅವರಿಗೆ ಬೈಗುಳ ತಪ್ಪುತ್ತಿರಲಿಲ್ಲ.